ಗಡಿಯಾರ ಕೊಡುವಾಗ ಎರಡು ಮಾತು

ಫೆಬ್ರವರಿ 3, 2026, ಮಂಗಳವಾರ. ಸಂಜೆ 6.45

ನಾನು ಪಿಯುಸಿ ಮುಗಿಸಿಲ್ಲ. ಫೇಲಾದದ್ದಲ್ಲ — ಪರೀಕ್ಷೆಯನ್ನೇ ಪೂರ್ತಿ ಬರೆಯಲಿಲ್ಲ. ಒಂದು ಪೇಪರು ಬರೆದೆ. ಎರಡನೆಯ ದಿನ ಹಾಲ್ ಟಿಕೆಟ್ ಹಿಡಿದುಕೊಂಡು ಕಾಪುವಿನಲ್ಲಿ ಕಾಲೇಜಿನ ದಾರಿ ಬಿಟ್ಟು ಬಸ್ಸು ಹತ್ತಿದೆ. ಕಟಪಾಡಿಯಲ್ಲಿ ಇಳಿದೆ. ಜಂಕ್ಷನ್ನಿನಲ್ಲಿ ಒಂದೂವರೆಯವರೆಗೆ ಕೂತು ಮನೆಗೆ ಬಂದೆ. ಹೀಗೆ ಐದು ದಿನ. ಯಾಕೆ ಎಂದು ಈಗಲೂ ಹೇಳಲು ಬರುವುದಿಲ್ಲ. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೆ.

ರಿಸಲ್ಟು ಬಂದ ದಿನ ಪಾಸು ಎಂದೆ. ಅಮ್ಮ ಮೀನಿನ ಬುಟ್ಟಿ ಇಳಿಸಿ ಕೈ ತೊಳೆದು ಬೇಕರಿಗೆ ಹೋಗಿ ಲಾಡು ತಂದಳು. ಅಕ್ಕಪಕ್ಕದವರಿಗೆಲ್ಲ ಕೊಟ್ಟಳು. ಯಾರೂ ನಂಬರು ಕೇಳಲಿಲ್ಲ.

ಮರುವರ್ಷ ಮಣಿಪಾಲದ ಈ ಕಚೇರಿಗೆ ಬಯೋಡಾಟಾ ಕೊಟ್ಟಾಗಲೂ ಅದನ್ನೇ ಬರೆದೆ. ವಿದ್ಯಾಸಂಘದ ಮುಖ್ಯ ಕಚೇರಿ. ಕಾರ್ಕಳದಲ್ಲಿ ಹೈಸ್ಕೂಲು, ಕಾಪುವಿನಲ್ಲಿ ಶಾಲೆ ಮತ್ತು ಕಾಲೇಜು, ಉಡುಪಿಯಲ್ಲಿ ಇನ್ನೊಂದು ಶಾಲೆ. ಎಲ್ಲದಕ್ಕೂ ಸುತ್ತೋಲೆ ಟೈಪ್ ಮಾಡುವುದು ಪಿಯುಸಿ ಮುಗಿಸದ ನಾನು. ಸರ್ಟಿಫಿಕೇಟು ಆಮೇಲೆ ಕೊಡುತ್ತೇನೆ ಎಂದಿದ್ದೆ. ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಒಬ್ಬರನ್ನು ಬಿಟ್ಟು. ಅಟೆಂಡರ್ ಗುಣಪಾಲಣ್ಣ. ಆ ವರ್ಷ ಕಾಪು ಕಾಲೇಜಿನಲ್ಲಿ ಪರೀಕ್ಷೆಯ ಬೆಲ್ಲು ಹೊಡೆದವರು, ರೂಮು ರೂಮಿಗೆ ಹೋಗಿ ಗೈರುಹಾಜರಿ ಚೀಟಿ ತಂದವರು ಅವರೇ. ನಾನು ಇಲ್ಲಿ ಕೆಲಸಕ್ಕೆ ಸೇರಿದ ದಿನ ನನ್ನ ಬಯೋಡಾಟಾ ಫೈಲಿಗೆ ಸೇರಿಸುತ್ತಾ ಒಮ್ಮೆ ನನ್ನ ಮುಖ ನೋಡಿದರು. ಚಹಾ ಕೊಡುವಾಗ ಮೆಲ್ಲಗೆ ಹೇಳಿದರು: “ಹೇಳುವುದಿದ್ದರೆ ನೀನೇ ಹೇಳು. ನಾನು ಹೇಳುವುದಿಲ್ಲ.”

ಇವತ್ತು ಇದನ್ನು ಬರೆಯಲು ಕಾರಣ ಉಂಟು. ಈ ತಿಂಗಳು 28ಕ್ಕೆ ಅವರು ನಿವೃತ್ತಿ. ಸೂಪರಿಂಟೆಂಡೆಂಟ್ ಸಿಂಥಿಯಾ ಮೇಡಂ ನನ್ನನ್ನು ಕರೆದರು. ಉಡುಗೊರೆ ಕೊಡುವಾಗ ಸಿಬ್ಬಂದಿಯ ಪರವಾಗಿ ಎರಡು ಮಾತು ನಾನು ಆಡಬೇಕಂತೆ. ಗುಣಪಾಲಣ್ಣನೇ ಕೇಳಿದ್ದಂತೆ. ಯಾಕೆ ನಾನು ಎಂದೆ.

“ನೀನು ಇದ್ದದ್ದನ್ನು ಇದ್ದ ಹಾಗೆ ಹೇಳ್ತಿ ಅಲ್ವಾ ನವ್ಯ, ಅದಕ್ಕೆ,” ಎಂದು ಮೇಡಂ ನಕ್ಕರು.




ಫೆಬ್ರವರಿ 4, ಬುಧವಾರ

ಕಂಪ್ಯೂಟರಿನಲ್ಲಿ ‘ಬೀಳ್ಕೊಡುಗೆ’ ಎಂಬ ಫೋಲ್ಡರ್ ಉಂಟು. ಹಿಂದೆ ನಿವೃತ್ತರಾದ ಆರು ಜನರಿಗೆ ಮಾಡಿದ ಭಾಷಣಗಳು. ಓದಿದೆ. ಆರೂ ಒಂದೇ. ಸರಳ ಸಜ್ಜನರು, ಸದಾ ನಗುಮೊಗದವರು, ಕಾಯಕನಿಷ್ಠರು. ಕಚೇರಿಗೆ ಮೊದಲು ಬಂದು ಕೊನೆಗೆ ಹೋಗುವವರು. ಹೆಸರು ಮಾತ್ರ ಬೇರೆ. ಒಂದರಲ್ಲಿ ಅದೂ ಇಲ್ಲ — ಡ್ರೈವರನ ಭಾಷಣದ ಮೂರನೇ ಸಾಲಿನಲ್ಲಿ ಹಿಂದಿನ ಗುಮಾಸ್ತೆಯ ಹೆಸರು ಹಾಗೇ ಉಳಿದಿದೆ. ಓದಿದವರೂ ಹಾಗೇ ಓದಿರಬೇಕು. ಯಾರೂ ಗಮನಿಸಿರಲಿಕ್ಕಿಲ್ಲ.

ಮೇಡಂ ಕ್ರಮ ಹೇಳಿಕೊಟ್ಟರು. ಬರೆದುಕೊಂಡೆ. ಮೊದಲು ಸನ್ಮಾನಿತರನ್ನು ಕುರ್ಚಿಯಲ್ಲಿ ಕೂರಿಸಿ ಶಾಲು, ಹಾರ, ಹಣ್ಣಿನ ತಟ್ಟೆ. ಆಮೇಲೆ ಅವರು ಎದ್ದು ನಿಲ್ಲಬೇಕು — ಉಡುಗೊರೆಯನ್ನು ಕೂತು ತೆಗೆದುಕೊಳ್ಳುವ ಕ್ರಮ ಇಲ್ಲ. ಕೊಡುವವರು ಕಾರ್ಯದರ್ಶಿ ರೇಮಂಡ್ ಸರ್. ಮಾತು ನನ್ನದು. ಮಾತು ಮುಗಿದ ಮೇಲೆಯೇ ಉಡುಗೊರೆ ಕೈಗೆ ಬರಬೇಕು. ಮಾತಿನ ನಡುವೆ ಕೊಟ್ಟರೆ ಪಾಪ, ಅವರು ಅದನ್ನು ಹೊತ್ತುಕೊಂಡೇ ನಿಲ್ಲಬೇಕಾಗುತ್ತದೆ. ವೇದಿಕೆಯಲ್ಲಿರುವವರ ಹೆಸರು ಮತ್ತೆ ಹೇಳುವುದು ಬೇಡ, ಸ್ವಾಗತದಲ್ಲಿ ಆಗಿರುತ್ತದೆ. ಎರಡು ನಿಮಿಷ. ಗುಣಗಳ ಪಟ್ಟಿ ಬೇಡ, ನಡೆದ ಒಂದು ಸಂಗತಿ ಸಾಕು. ಕೊಡುವ ವಸ್ತುವಿನ ಬಗ್ಗೆ ಒಂದು ವಾಕ್ಯ. ಕೊನೆಯ ಮಾತನ್ನು ಸಭೆಗಲ್ಲ, ಅವರ ಕಡೆ ತಿರುಗಿ ಹೇಳಬೇಕು.

“ಅಳುವುದು ಬೇಡ. ಅಳಿಸುವುದೂ ಬೇಡ,” ಎಂದರು. “ಮತ್ತೆ ಬೆಲೆಯ ಸ್ಟಿಕ್ಕರ್ ಕಿತ್ತಿದ್ದಾರಾ ಅಂತ ನೋಡು. ಹೋದ ಸಲ ಫೋಟೋದಲ್ಲಿ ಬಂದಿತ್ತು.”

ಸರ್ವಿಸ್ ರಿಜಿಸ್ಟರ್ ತೆಗೆದು ನೋಡಿದೆ. ಸೇರಿದ್ದು 1989 ಜೂನ್ 1, ಕಾರ್ಕಳ. 2006ರಿಂದ ಕಾಪು. 2022 ಜೂನ್‌ನಿಂದ ಇಲ್ಲಿ. ಒಟ್ಟು ಮೂವತ್ತಾರು ವರ್ಷ ಒಂಬತ್ತು ತಿಂಗಳು. ರಜೆಯ ಕಾಲಮು ಹೆಚ್ಚುಕಡಿಮೆ ಖಾಲಿ. ವಿಳಾಸ ಕಾರ್ಕಳದ್ದು.


ಫೆಬ್ರವರಿ 8, ಭಾನುವಾರ. ರಾತ್ರಿ ಊಟಕ್ಕೆ ಮೊದಲು

ಕಾರ್ಕಳಕ್ಕೆ ಹೋಗಿ ಬಂದೆ. ರೂಮಿನಲ್ಲಿ ಕೂತರೂ ಗೋಡೆ ನೋಡುವುದೇ. ಪರ್ಕಳದ ಈ ರೂಮಿನ ಭಾನುವಾರ ಮೂರು ದಿನದಷ್ಟು ಉದ್ದ.

ಆಂಜೆಲಾ ಟೀಚರ್ ಸಿಕ್ಕಿದರು. ಹೈಸ್ಕೂಲಿನ ಹಿಂದಿನ ಹೆಡ್‌ಮಿಸ್. ಗುಣಪಾಲಣ್ಣನ ಹೆಸರು ಹೇಳಿದ ಕೂಡಲೇ ಕನ್ನಡಕ ತೆಗೆದು ಒರೆಸಿದರು. ಆಗ ಶಾಲೆಯಲ್ಲಿ ಕರೆಂಟಿನ ಬೆಲ್ಲು ಇರಲಿಲ್ಲವಂತೆ. ರೈಲಿನ ಹಳಿಯ ಒಂದು ತುಂಡನ್ನು ತೂಗುಹಾಕಿ ಕಬ್ಬಿಣದ ಸರಳಿನಿಂದ ಹೊಡೆಯುವುದು. ಪರೀಕ್ಷೆಯ ದಿನ ಮಾತ್ರ ಅವರು ಸರಳಿಗೆ ಬಟ್ಟೆ ಸುತ್ತಿ ಹೊಡೆಯುತ್ತಿದ್ದರಂತೆ. ಯಾರು ಹೇಳಿದ್ದು ಎಂದು ಕೇಳಿದರೆ, ಮಕ್ಕಳು ಬೆಚ್ಚಿ ಬೀಳುತ್ತಾರೆ ಟೀಚರೇ, ಬರೆಯುವ ಗೆರೆ ಓರೆಯಾಗುತ್ತದೆ ಎಂದರಂತೆ.

ಆಮೇಲೆ ರಿಜಿಸ್ಟರಿನ ವಿಳಾಸ ಹುಡುಕಿಕೊಂಡು ಹೋದೆ. ಭಾನುವಾರ ಮನೆಯಲ್ಲೇ ಇರುತ್ತಾರಲ್ಲ, ಮಾತಾಡಿಸಿ ಬರೋಣ ಎಂದು. ದಿನಾ 5.40ರ ಕಾರ್ಕಳ ಬಸ್ಸಿಗೆ ಎಂದು ಚೀಲ ಹಿಡಿದು ಹೊರಡುವುದನ್ನು ಎರಡೂವರೆ ವರ್ಷದಿಂದ ನೋಡಿದ್ದೇನೆ.

ಹೊಸ ಮನೆ. ಗೇಟು, ಟೈಲ್ಸು. ಬಾಗಿಲು ತೆಗೆದವಳು ಕಾವ್ಯ, ಅವರ ತಂಗಿಯ ಮಗಳು. ಒಳಗೆ ಕರೆದು ಶರಬತ್ತು ಕೊಟ್ಟಳು. ಹಳೆಯ ಮನೆ ತನ್ನ ತಾಯಿಯ ಪಾಲಿಗೆ ಬಂದದ್ದು, ಕೆಡವಿ ಕಟ್ಟಿಸಿದ್ದು ಎಂದಳು. ಮಾವ ಎಲ್ಲಿ ಎಂದೆ.

“ಮಾವ ವರ್ಷಕ್ಕೆ ಎರಡು ಸಲ ಬರ್ತಾರೆ. ನಾಗರಪಂಚಮಿಗೆ, ದೀಪಾವಳಿಗೆ. ಊಟ ಮಾಡಿ ಹೋಗ್ತಾರೆ.” ಆಮೇಲೆ ನನ್ನನ್ನೇ ಕೇಳಿದಳು, “ಅವರಿಗೆ ಮಣಿಪಾಲದಲ್ಲಿ ಕ್ವಾರ್ಟರ್ಸ್ ಉಂಟಲ್ವಾ?”

ಇಲ್ಲ ಎನ್ನಬೇಕಿತ್ತು. ಗೊತ್ತಿಲ್ಲ ಎಂದೆ. ಅದು ಆಗ ಸುಳ್ಳಲ್ಲ. ಆದರೆ ವಾಪಸು ಬರುವ ಬಸ್ಸು ಬೈಲೂರು ದಾಟುವಷ್ಟರಲ್ಲಿ ಗೊತ್ತಾಗಿತ್ತು — ದಿನಾ ಕಾರ್ಕಳ ಬಸ್ಸು ಹತ್ತುವವರು ಕಾರ್ಕಳಕ್ಕೆ ಹೋಗುವುದಿಲ್ಲ.


ಫೆಬ್ರವರಿ 10, ಮಂಗಳವಾರ

ಕಚೇರಿಯ ಹಿಂದೆ ಸ್ಟೋರ್ ರೂಮು. ಹಳೆಯ ಉತ್ತರಪತ್ರಿಕೆ, ಮುರಿದ ಬೆಂಚು, ಟ್ರೋಫಿ. ಕೀಲಿ ಅವರ ಹತ್ತಿರ ಮಾತ್ರ. ಬೆಳಿಗ್ಗೆ ಬಾಗಿಲು ತೆರೆದಿತ್ತು, ಅವರು ಟಪಾಲು ಹಿಡಿದು ಹೋಗಿದ್ದರು. ಹಳೆಯ ಫೋಟೋ ಆಲ್ಬಂ ಬೇಕೆಂಬ ನೆಪ ಇತ್ತು. ಹೋದೆ.

ಟ್ರೋಫಿಗಳ ಕಪಾಟಿನ ಹಿಂದೆ ಸುತ್ತಿಟ್ಟ ಚಾಪೆ. ಅದರೊಳಗೆ ತಲೆದಿಂಬು. ಮೇಲೆ ಹಗ್ಗ, ಹಗ್ಗದಲ್ಲಿ ಎರಡು ಶರ್ಟು. ಯಾವುದೋ ಶಾಲೆ ಗೆದ್ದ ಕಬಡ್ಡಿಯ ಕಪ್ಪಿನಲ್ಲಿ ಹಲ್ಲುಜ್ಜುವ ಬ್ರಷ್ಷು. ಎಷ್ಟು ಚೊಕ್ಕ ಎಂದರೆ ನೋಡಲಿಕ್ಕೆ ಆಗಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಅವರು.

“ನೋಡಿದ್ದು ಆಯ್ತಲ್ಲ,” ಎಂದರು. ಸಿಟ್ಟಿನಿಂದಲ್ಲ. ಒಳಗೆ ಬಂದು ಚಾಪೆಯ ತುದಿ ಸರಿಮಾಡಿದರು.

ನಾವಿಬ್ಬರೂ ತುಳುವಿನಲ್ಲೇ ಮಾತಾಡುವುದು. ಬರೆಯುವಾಗ ಕನ್ನಡವಾಗುತ್ತದೆ. ಮೆಲ್ಲಗೆ ಹೇಳಿದರು. ಕಾಪುವಿನಲ್ಲಿದ್ದಾಗ ಬಾಡಿಗೆ ಕೋಣೆ ಇತ್ತು. ಇಲ್ಲಿಗೆ ವರ್ಗವಾದಾಗ ಒಂದು ವಾರಕ್ಕೆ ಎಂದು ಇಲ್ಲಿ ಮಲಗಿದರು. ಒಬ್ಬನೇ ಗಂಡಸಿಗೆ, ಅದೂ ಈ ವಯಸ್ಸಿಗೆ, ರೂಮು ಕೊಡುವವರು ಮನೆಯವರು ಯಾರು ಎಂದು ಕೇಳುತ್ತಾರೆ. ಮದುವೆಯಾಗಿಲ್ಲ. ಸಂಜೆ ಎಲ್ಲರ ಎದುರು ಚೀಲ ಹಿಡಿದು ಹೊರಟು, ಬಸ್ಸಿನಲ್ಲಿ ಪರ್ಕಳಕ್ಕೆ ಹೋಗಿ ಹೋಟೆಲಿನಲ್ಲಿ ಊಟ ಮುಗಿಸಿ, ವಾಪಸು ನಡೆದು ಬರುತ್ತಾರೆ. ಒಂದು ವಾರ ಮೂರೂವರೆ ವರ್ಷವಾಯಿತು.

“ಮೊದಲು ಬರುವುದು, ಕೊನೆಗೆ ಹೋಗುವುದು,” ಎಂದೆ. ಹಾಗೆ ಹೇಳಬಾರದಿತ್ತು.

“ಹೌದು,” ಎಂದರು. “ಎಲ್ಲರೂ ಹೊಗಳ್ತಾರೆ.”

28ರ ನಂತರ ಎಲ್ಲಿ ಎಂದು ಕೇಳಿದೆ. ಅವತ್ತಿಗೆ ಮಾತ್ರ ವ್ಯವಸ್ಥೆ ಆಗಿದೆ ಎಂದರು. ನಮ್ಮಲ್ಲಿ ನಿವೃತ್ತರಾದವರನ್ನು ಸಮಾರಂಭ ಮುಗಿದ ಮೇಲೆ ಶಾಲೆಯ ಬಸ್ಸಿನಲ್ಲಿ ಎಲ್ಲರೂ ಹೋಗಿ ಮನೆ ಮುಟ್ಟಿಸುವ ಕ್ರಮ. ಕಾವ್ಯಳಿಗೆ ಫೋನು ಮಾಡಿದ್ದಾರೆ — ಒಂದು ಗಂಟೆಯ ಮಟ್ಟಿಗೆ ನಿಮ್ಮ ಮನೆ ನನ್ನ ಮನೆ, ಬಂದವರಿಗೆ ಚಹಾ ಕೊಡು ಎಂದು.

ನಾನು ಹೇಳುವುದಿಲ್ಲ ಎಂದೆ. ಈಗ ಇಬ್ಬರೂ ಸಮ. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.


ಫೆಬ್ರವರಿ 12, ಗುರುವಾರ

ಉಡುಗೊರೆಯ ಮೀಟಿಂಗು. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿ, ಅದೇ ಟೇಬಲಿನಲ್ಲಿ. ಲೆಕ್ಕ ವಿಭಾಗದ ತಿಲಕ್ ಹೇಳಿದ — ಗೋಡೆ ಗಡಿಯಾರ. ಲೋಲಕ ಇರುವುದು, ಗಂಟೆಗೊಮ್ಮೆ ಹೊಡೆಯುವುದು. ಜೀವಮಾನವಿಡೀ ಬೆಲ್ಲು ಹೊಡೆದವರಿಗೆ ಇನ್ನು ಗಡಿಯಾರವೇ ಬೆಲ್ಲು ಹೊಡೆಯಲಿ. ಎಲ್ಲರಿಗೂ ಇಷ್ಟವಾಯಿತು. ನಿಜಕ್ಕೂ ಒಳ್ಳೆಯ ಯೋಚನೆ. ಗೋಡೆ ಇದ್ದಿದ್ದರೆ.

ನಾನು ಬೇರೆ ಏನಾದರೂ ಎಂದೆ. ಹೊತ್ತುಕೊಂಡು ಹೋಗಬಹುದಾದದ್ದು. ಒಳ್ಳೆಯ ಸೂಟ್‌ಕೇಸು.

“ಸೂಟ್‌ಕೇಸು ಕೊಟ್ಟರೆ ‘ಹೊರಡು’ ಎಂದ ಹಾಗಲ್ವಾ ಮಾರಾಯ್ತಿ,” ಎಂದ ತಿಲಕ್. ಎಲ್ಲರೂ ನಕ್ಕರು. ಬಾಗಿಲ ಹತ್ತಿರ ಲೋಟ ಎತ್ತುತ್ತಿದ್ದ ಗುಣಪಾಲಣ್ಣನೂ ನಕ್ಕರು. ಅವರಿಗೆ ಕೇಳಬಾರದ ಮೀಟಿಂಗು, ಅವರೇ ಚಹಾ ತಂದದ್ದು.

ಗಡಿಯಾರವೇ ಆಯಿತು. ಕೆಳಗೆ ಹಿತ್ತಾಳೆಯ ಪಟ್ಟಿ, ಅದರಲ್ಲಿ ಹೆಸರು, ಸೇವಾವಧಿ. ಕೆತ್ತಿಸುವ ಮೊದಲು ತಾರೀಕು ನೋಡುವ ಕೆಲಸ ನನಗೆ.


ಫೆಬ್ರವರಿ 17, ಮಂಗಳವಾರ

ಮೊದಲ ಪ್ರತಿ ಬರೆದೆ. ಮೊಬೈಲಿನಲ್ಲಿ ಟೈಮರ್ ಇಟ್ಟು ಓದಿದೆ. ನಾಲ್ಕು ನಿಮಿಷ. ಅರ್ಧ ಹೊಡೆದು ಹಾಕಿದೆ. ಬಟ್ಟೆ ಸುತ್ತಿದ ಸರಳಿನ ಕತೆ ಒಳ್ಳೆಯದೇ, ಆದರೆ ಅದು ಆಂಜೆಲಾ ಟೀಚರದ್ದು. ಅವರನ್ನೇ ಸಭೆಗೆ ಕರೆದಿದ್ದಾರೆ, ಅವರೇ ಹೇಳಲಿ. ನನ್ನದೇ ಒಂದು ಉಂಟು.

ಮೇಡಂ ಓದಿದರು. ಮೊದಲು ಬಂದು ಕೊನೆಗೆ ಹೋಗುವುದು ಎಲ್ಲಿ ಎಂದು ಕೇಳಿದರು. ಅದೊಂದು ಬೇಕೇ ಬೇಕು, ಅದು ಅವರ ಹೆಗ್ಗುರುತು ಎಂದರು. ಸೇರಿಸುವುದಿಲ್ಲ ಎಂದೆ. ಕಾರಣ ಕೇಳಿದರು. ಎಲ್ಲರೂ ಹೇಳುತ್ತಾರಲ್ಲ ಎಂದೆ. ಒಪ್ಪಿಕೊಂಡರು. ಕೊನೆಯ ಸಾಲು ಮಾತ್ರ ಅವರೇ ಪೆನ್ನಿನಲ್ಲಿ ಬರೆದರು — ‘ಈ ಗಡಿಯಾರ ನಿಮ್ಮ ಮನೆಯ ಗೋಡೆಯ ಮೇಲೆ ನಮ್ಮನ್ನು ನೆನಪಿಸುತ್ತಿರಲಿ.’

ಸಂಜೆ ಬಸ್ ಸ್ಟಾಪಿನಲ್ಲಿ ಗುಣಪಾಲಣ್ಣನಿಗೆ ತೋರಿಸಿದೆ. ಆ ಸಾಲು ನನಗೆ ಹೇಳಲು ಬರುವುದಿಲ್ಲ ಎಂದೆ. ಅವರು ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡರು.

“ಅದೊಂದು ಹೇಳು ನವ್ಯ. ಮನೆ ಅಂತ ಹೇಳು. ನೀನು ಹೇಳಿದರೆ ಜನ ನಂಬ್ತಾರೆ. ಅದಕ್ಕೇ ನಿನ್ನನ್ನು ಕೇಳಿದ್ದು.”

ಹಾಗಾದರೆ ಅದಕ್ಕೆ. ನಾನು ಬೇರೆ ಏನೋ ಅಂದುಕೊಂಡಿದ್ದೆ.

“ಸ್ಟೋರಿನಲ್ಲಿ ಮಲಗ್ತಿದ್ದ ಅಂತ ಗೊತ್ತಾದರೆ ಮೂವತ್ತಾರು ವರ್ಷ ಹೋಯ್ತು. ಆಮೇಲೆ ಅದೊಂದೇ ನೆನಪಿರುವುದು ಇವರಿಗೆ. ಒಂದು ದಿನ, ಮಗಾ. ಒಂದೇ ದಿನ.”

ಯೋಚಿಸುತ್ತೇನೆ ಎಂದೆ. ಅವರ ಬಸ್ಸು ಬಂತು. ನಾನು ದಿನಾ ಹೋಗುವುದು ಮುಂದಿನ ಬಸ್ಸಿಗೆ, ಇವತ್ತು ಇದರಲ್ಲೇ ಹೋಗಬಹುದಿತ್ತು. ಹತ್ತಲಿಲ್ಲ.


ಫೆಬ್ರವರಿ 27, ಶುಕ್ರವಾರ. ಸಂಜೆ

ಹತ್ತು ದಿನ ಏನೂ ಬರೆದಿಲ್ಲ. ಬರೆಯುವುದೆಲ್ಲ ಆ ಒಂದು ಪುಟದಲ್ಲೇ ಹೋಯಿತು. ಹನ್ನೊಂದು ಪ್ರತಿ. ಈಗ ಎರಡು ನಿಮಿಷ ಐದು ಸೆಕೆಂಡು. ಕೊನೆಯ ಸಾಲಿನ ಜಾಗ ಖಾಲಿ.

ಮನೆ ಎಂದರೆ ಅವರಿಗಾಗಿ ಒಂದು ಸುಳ್ಳು. ಅನ್ನದಿದ್ದರೆ ಯಾರಾದರೂ ಗಮನಿಸಬಹುದು. ಅಮ್ಮನಿಗೆ ಪಾಸು ಎಂದಾಗಲೂ ಒಂದೇ ದಿನ ಎಂದುಕೊಂಡಿದ್ದೆ. ಲಾಡು ಹಂಚಿ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು.

ಗಡಿಯಾರದ ಹಿತ್ತಾಳೆ ಪಟ್ಟಿಯಲ್ಲಿ 1989 ಸರಿಯಾಗಿದೆ. ಬೆಲೆಯ ಸ್ಟಿಕ್ಕರ್ ಕಿತ್ತಿದ್ದೇನೆ. ಲೋಲಕವನ್ನು ಕಟ್ಟಿಟ್ಟು ಪ್ಯಾಕು ಮಾಡಿಸಿದ್ದೇನೆ — ಬಿಟ್ಟರೆ ದಾರಿಯಲ್ಲಿ ಒಳಗೆ ಬಡಿಯುತ್ತದೆ.

ಸ್ಟೋರ್ ರೂಮು ಖಾಲಿ ಮಾಡಿದ್ದಾರೆ. ಕಬಡ್ಡಿಯ ಕಪ್ಪು ತೊಳೆದು ಟ್ರೋಫಿಗಳ ಸಾಲಿನಲ್ಲಿಟ್ಟಿದ್ದಾರೆ.


ಫೆಬ್ರವರಿ 28, ಶನಿವಾರ. ರಾತ್ರಿ 8

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಉಡುಪಿ ಶಾಲೆಯ ಸಭಾಂಗಣ, ಮೂರು ಗಂಟೆ. ಪ್ರಾರ್ಥನೆ, ಸ್ವಾಗತ. ಗುಣಪಾಲಣ್ಣ ಬಿಳಿ ಶರ್ಟು, ಬಿಳಿ ಪಂಚೆ. ಅತಿಥಿಗಳಿಗೆ ನೀರು ಕೊಡಲು ಎರಡು ಸಲ ಎದ್ದರು, ಎರಡು ಸಲ ಮೇಡಂ ಕೂರಿಸಿದರು. ಆಂಜೆಲಾ ಟೀಚರ್ ಬಟ್ಟೆ ಸುತ್ತಿದ ಸರಳಿನ ಕತೆ ಹೇಳಿದರು. ಚಪ್ಪಾಳೆ. ತಿಲಕ್ ಮಾನಪತ್ರ ಓದಿದ. ಕಚೇರಿಗೆ ಮೊದಲು ಬಂದು ಕೊನೆಗೆ ಹೋಗುವ — ಇದ್ದೇ ಇತ್ತು. ಅದಕ್ಕೂ ಚಪ್ಪಾಳೆ. ಅವರು ಕೈ ಮುಗಿದರು.

ಶಾಲು, ಹಾರ, ಹಣ್ಣು. ನನ್ನ ಹೆಸರು ಕರೆದರು. ರೇಮಂಡ್ ಸರ್ ಪೆಟ್ಟಿಗೆ ಹಿಡಿದು ನಿಂತರು. ಗುಣಪಾಲಣ್ಣ ಎದ್ದು ನಿಂತರು. ಮೈಕು ನನಗೆ ಎತ್ತರ, ತಿಲಕ್ ಬಂದು ತಗ್ಗಿಸಿದ. ಹೇಳಿದ್ದು ಇದು:

“ಎಲ್ಲರಿಗೂ ನಮಸ್ಕಾರ. ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ಗುಣಪಾಲಣ್ಣ ಮೂವತ್ತಾರು ವರ್ಷ ಒಂಬತ್ತು ತಿಂಗಳು ಕೊಟ್ಟಿದ್ದಾರೆ. ಹಾಗಾಗಿ ಒಂದೇ ಸಂಗತಿ ಹೇಳುತ್ತೇನೆ. ನಾನು ಕಾಪು ಶಾಲೆಯಲ್ಲಿ ಐದನೇ ಕ್ಲಾಸು. ಅಮ್ಮ ಮೀನು ಮಾರಿ ಬರುವಾಗ ಐದೂವರೆ ಆಗುತ್ತಿತ್ತು. ಶಾಲೆ ಬಿಡುವುದು ನಾಲ್ಕಕ್ಕೆ. ಗೇಟಿನ ಬಳಿ ಉಳಿಯುತ್ತಿದ್ದದ್ದು ನಾನೊಬ್ಬಳೇ. ಗುಣಪಾಲಣ್ಣ ಗೇಟು ಹಾಕುತ್ತಿರಲಿಲ್ಲ. ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಆಫೀಸಿನ ಪೆನ್ಸಿಲುಗಳನ್ನೆಲ್ಲ ತಂದು, ಇದನ್ನು ಚೂಪು ಮಾಡಬೇಕಿತ್ತು, ನನಗೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದರು. ಒಂದು ವರ್ಷ ನಾನು ಚೂಪು ಮಾಡಿದೆ. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು ಎಂದು ಗೊತ್ತಾದದ್ದು ಆಮೇಲೆ. ಕಾಯುತ್ತಿರುವ ಮಗುವಿಗೆ ತಾನು ಕಾಯುತ್ತಿದ್ದೇನೆ ಎಂದು ಅನಿಸದ ಹಾಗೆ ನೋಡಿಕೊಂಡವರು ಇವರು.”

ಇಲ್ಲಿಯವರೆಗೆ ಕಾಗದದಲ್ಲಿತ್ತು. ಇನ್ನು ಗಡಿಯಾರದ ಸಾಲು. ಅವರ ಕಡೆ ತಿರುಗಿದೆ. ಅವರು ನನ್ನನ್ನೇ ನೋಡುತ್ತಿದ್ದರು. ‘ನಿಮ್ಮ’ ಎಂದೆ. ಮುಂದಿನ ಶಬ್ದ ಬರಲಿಲ್ಲ. ಯಾರೋ ಕೆಮ್ಮಿದರು. ಏನಾದರೂ ಹೇಳಲೇಬೇಕಿತ್ತು. ಹೇಳಬಹುದಾದ ಸತ್ಯ ನನ್ನಲ್ಲಿ ಒಂದೇ ಇತ್ತು.

“ಇನ್ನೊಂದು ಮಾತು. ನಾನು ಪಿಯುಸಿ ಪಾಸು ಎಂದು ಬರೆದು ಈ ಕೆಲಸಕ್ಕೆ ಸೇರಿದೆ. ಪಾಸಾಗಿಲ್ಲ. ಒಂದು ಪೇಪರು ಬಿಟ್ಟು ಪರೀಕ್ಷೆಗೆ ಹೋಗಿಲ್ಲ. ಗುಣಪಾಲಣ್ಣನಿಗೆ ಮೊದಲ ದಿನವೇ ಗೊತ್ತಿತ್ತು. ಹೇಳುವುದಿದ್ದರೆ ನೀನೇ ಹೇಳು ಎಂದಿದ್ದರು. ಇವತ್ತು ಹೇಳಿದೆ. ಈ ಗಡಿಯಾರ ನೀವು ಎಲ್ಲಿದ್ದೀರೋ ಅಲ್ಲಿ ಸರಿಯಾದ ಸಮಯ ತೋರಿಸಲಿ.”

ಚಪ್ಪಾಳೆ ಇಲ್ಲ. ರೇಮಂಡ್ ಸರ್ ಪೆಟ್ಟಿಗೆ ಕೊಟ್ಟರು. ಗುಣಪಾಲಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡರು. ಫೋಟೋದವನು ಈ ಕಡೆ ನೋಡಿ ಸರ್ ಎಂದ. ನೋಡಿದರು. ಪೆಟ್ಟಿಗೆ ಇಬ್ಬರ ಕೈಯಲ್ಲೂ ಇರುವಾಗಲೇ ರೇಮಂಡ್ ಸರ್ ಮೆಲ್ಲಗೆ ಕೇಳಿದ್ದು ತಗ್ಗಿಸಿದ ಮೈಕಿನಲ್ಲಿ ಎಲ್ಲರಿಗೂ ಕೇಳಿತು.

“ಗೊತ್ತಿದ್ದೂ ಹೇಳಲಿಲ್ವಾ ಗುಣಪಾಲ?”

ಭುಜದಲ್ಲಿ ಶಾಲು, ಕೊರಳಲ್ಲಿ ಹಾರ, ಕೈಯಲ್ಲಿ ಪೆಟ್ಟಿಗೆ. ಮೂವತ್ತಾರು ವರ್ಷದಲ್ಲಿ ಅವರಿಗೆ ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ. ಹೊಗಳುತ್ತೇನೆ ಎಂದುಕೊಂಡೇ ಅವರ ಮೇಲೆ ದೂರು ಕೊಟ್ಟಿದ್ದೆ.

“ಕೇಳಲಿಲ್ಲ ಸರ್, ನೀವು,” ಎಂದರು ಅವರು.

ಉತ್ತರಭಾಷಣಕ್ಕೆ ಕರೆದಾಗ ಎಲ್ಲರಿಗೂ ಉಪಕಾರ ಎಂದು ಧನ್ಯವಾದವಷ್ಟೇ ಹೇಳಿ ಕೂತರು. ಕೇಸರಿಬಾತು, ಗೋಳಿಬಜೆ. ನನ್ನ ಟೇಬಲಿಗೆ ಯಾರೂ ಬರಲಿಲ್ಲ.

ಆಮೇಲೆ ಬಸ್ಸು. ನಾನು ಹಿಂದಿನ ಸೀಟು. ಕಾರ್ಕಳದಲ್ಲಿ ಕಾವ್ಯ ಬಾಗಿಲಲ್ಲೇ ನಿಂತಿದ್ದಳು. ಬನ್ನಿ, ಕೂತುಕೊಳ್ಳಿ ಎಂದು ಗುಣಪಾಲಣ್ಣ ಎಲ್ಲರನ್ನೂ ಒಳಗೆ ಕರೆದರು. ಬಚ್ಚಲು ಎಲ್ಲಿ ಎಂದು ತಿಲಕ್ ಕೇಳಿದಾಗ ಮಾತ್ರ ಒಂದು ಕ್ಷಣ ಕಾವ್ಯಳ ಮುಖ ನೋಡಿದರು. ತಿಲಕ್ ಒಳ್ಳೆಯವನು, ಕಚೇರಿಯಿಂದ ಮೊಳೆ ಸುತ್ತಿಗೆ ತಂದಿದ್ದ. ಹಾಲ್‌ನ ಗೋಡೆಯಲ್ಲಿ ಎಲ್ಲರೆದುರು ಗಡಿಯಾರ ತೂಗುಹಾಕಿ, ಲೋಲಕದ ದಾರ ಬಿಚ್ಚಿ, ಮುಳ್ಳನ್ನು ಸರಿಯಾದ ಹೊತ್ತಿಗೆ ತಿರುಗಿಸಿದ. ಆರು ಹೊಡೆಯಿತು. ಈಗ ಚಪ್ಪಾಳೆ.

ಬಸ್ಸು ತಿರುಗುವಾಗ ಗೇಟಿನ ಒಳಗೆ ನಿಂತು ಕೈ ಎತ್ತಿದರು. ನನ್ನ ಕಡೆಗಲ್ಲ. ಎಲ್ಲರ ಕಡೆಗೆ.


ಮಾರ್ಚ್ 2, ಸೋಮವಾರ

ಮೇಡಂ ಬಾಗಿಲು ಹಾಕಿ ಮಾತಾಡಿದರು. ಜೋರು ಮಾಡಲಿಲ್ಲ. ಸಭೆಯಲ್ಲಿ ಹೇಳಿದ್ದರಿಂದ ಈಗ ಯಾರೂ ಕೇಳಿಸಿಕೊಳ್ಳದ ಹಾಗೆ ಇರಲಾಗುವುದಿಲ್ಲವಂತೆ. ರಾಜೀನಾಮೆ ಬರೆದುಕೊಟ್ಟರೆ ಕೆಟ್ಟ ಮಾತು ಫೈಲಿಗೆ ಹೋಗುವುದಿಲ್ಲ ಎಂದರು. ನನ್ನ ಹತ್ತಿರ ಬಂದು ಹೇಳಬಹುದಿತ್ತಲ್ಲ, ಅಲ್ಲೇ ಯಾಕೆ ಎಂದು ಕೇಳಿದರು.

ಅದಕ್ಕೆ ಉತ್ತರ ಉಂಟು. ಆದರೆ ಅದು ನನ್ನದಲ್ಲ. ರಾಜೀನಾಮೆಯನ್ನು ನಾನೇ ಟೈಪ್ ಮಾಡಿದೆ. ಶುಕ್ರವಾರದವರೆಗೆ ಬರಬೇಕು.

ಹತ್ತೂವರೆಗೆ ಯಾರೂ ಚಹಾ ತರಲಿಲ್ಲ. ಎಲ್ಲರೂ ಬಾಗಿಲ ಕಡೆ ನೋಡಿದೆವು.


ಮಾರ್ಚ್ 3, ಮಂಗಳವಾರ

ಪರ್ಕಳದ ಹೋಟೆಲಿನಲ್ಲಿ ಗುಣಪಾಲಣ್ಣ. ಎದುರು ಹೋಗಿ ಕೂತೆ. ಕಾರ್ಕಳದಲ್ಲಿ ಒಂದು ರಾತ್ರಿ ಇದ್ದು ಬಂದರಂತೆ. ಈಗ ಉಡುಪಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಲಾಡ್ಜು. ಊಟಕ್ಕೆ ಯಾಕೆ ಇಷ್ಟು ದೂರ ಎಂದೆ. ಅಭ್ಯಾಸ ಎಂದರು.

ತಪ್ಪಾಯಿತು ಎಂದೆ. ಅವರು ಸಾರು ಕಲಸುತ್ತಲೇ ಇದ್ದರು.

“ಅದು ನನ್ನ ದಿನ ಆಗಿತ್ತು, ನವ್ಯ.”

ಹೌದು ಎಂದೆ.

“ರೇಮಂಡ್ ಸರ್ ಹಾಗೆ ಕೇಳಿದ್ದು ಹೋಗುವುದಿಲ್ಲ ಮನಸ್ಸಿನಿಂದ.” ಒಂದು ತುತ್ತು ಉಂಡು, “ಆದರೆ ಮನೆ ವಿಷಯ ಯಾರೂ ಎತ್ತಲಿಲ್ಲ. ಎಲ್ಲರೂ ನಿನ್ನನ್ನೇ ನೋಡ್ತಿದ್ದರು,” ಎಂದರು. ಅದು ಉಪಕಾರ ಹೇಳಿದ್ದಲ್ಲ. ನಡೆದದ್ದನ್ನು ಹೇಳಿದ್ದು.

ಗಡಿಯಾರ ಎಂದು ಕೇಳಿದೆ. ಕಾವ್ಯಳ ಹಾಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ಲೇ ಇರಲಿ ಎಂದರು.

ಕೈ ತೊಳೆದು ಬಂದಾಗ ಹೇಳಿದೆ. ಶನಿವಾರದಿಂದ ನನ್ನ ರೂಮು ಖಾಲಿ. ಬೇಕಿದ್ದರೆ ಓನರ್ ಜುಬೈದಕ್ಕನ ಹತ್ತಿರ ಮಾತಾಡುತ್ತೇನೆ.

“ಎಂತ ಹೇಳ್ತಿ ಅವರ ಹತ್ತಿರ?”

“ನಾನು ಏನೂ ಹೇಳುವುದಿಲ್ಲ. ಕೇಳಿದರೆ ನೀವೇ ಹೇಳಿ.”

ನಕ್ಕರೋ ಏನೋ. ವೀಳ್ಯ ಬಾಯಲ್ಲಿತ್ತು.


ಮಾರ್ಚ್ 4, ಬುಧವಾರ

ಅಮ್ಮನಿಗೆ ಫೋನು ಮಾಡಿ ಹೇಳಿದೆ. ಎಲ್ಲ. ಕಟಪಾಡಿ ಜಂಕ್ಷನ್ನಿನ ಐದು ದಿನವನ್ನೂ. ಮಾರ್ಕೆಟಿನ ಗದ್ದಲ ಕೇಳುತ್ತಿತ್ತು, ಯಾರೋ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದರು. ಅಮ್ಮ ಅವರಿಗೆ ಮೀನು ಕೊಟ್ಟು ಕಳಿಸುವವರೆಗೂ ಫೋನು ಕಿವಿಯಲ್ಲೇ ಇಟ್ಟುಕೊಂಡಿದ್ದೆ. ಆಮೇಲೆ ‘ನಾಲ್ಕು ವರ್ಷ’ ಎಂದಳು. ಅಷ್ಟೇ. ಇಟ್ಟಳು.

ಸಂಜೆ ಅವಳೇ ಮಾಡಿದಳು. ಯಾವಾಗ ಬರುತ್ತಿ ಎಂದು ಕೇಳಿದಳು. ದನಿ ಇನ್ನೂ ಸರಿ ಇಲ್ಲ.


ಮಾರ್ಚ್ 6, ಶುಕ್ರವಾರ. ಸಂಜೆ 7

ಕೊನೆಯ ದಿನ. ನನಗೆ ಭಾಷಣ ಇಲ್ಲ, ಇರಬೇಕಾಗಿಯೂ ಇಲ್ಲ. ‘ಬೀಳ್ಕೊಡುಗೆ’ ಫೋಲ್ಡರಿನಲ್ಲಿ ನನ್ನ ಪುಟವನ್ನೂ ಸೇರಿಸಿದೆ, ಮುಂದಿನವರು ಹೆಸರು ಬದಲಿಸಿ ಬಳಸಲಾಗದ ಹಾಗೆ ಉಂಟು ಅದು. ತಿಲಕ್ ಬಸ್ ಸ್ಟಾಪಿನವರೆಗೆ ಬಂದ.

ಗುಣಪಾಲಣ್ಣ ಆರು ಗಂಟೆಗೆ ರೂಮು ನೋಡಲು ಬಂದರು. ಚೀಲ ಹೊರಗಿಟ್ಟು ಒಳಗೆ ಬಂದರು. ನಲ್ಲಿ ತಿರುಗಿಸಿ ನೋಡಿದರು. ಕಿಟಕಿ ತೆರೆದರು, ಹಾಕಿದರು. ಕುರ್ಚಿಯಲ್ಲಿ ಕೂತರು. ಕೂತದ್ದು ಅತಿಥಿಯ ಹಾಗೆ, ತುದಿಯಲ್ಲಿ.

ಜುಬೈದಕ್ಕ ಮೆಟ್ಟಿಲು ಹತ್ತಿ ಬಂದರು. ಮೊದಲ ಪ್ರಶ್ನೆಯೇ ಅದು — ಮನೆ ಎಲ್ಲಿ, ಮನೆಯವರು ಯಾರು.

ನಾನು ಬಟ್ಟೆ ಮಡಚುತ್ತಿದ್ದೆ. ತಿರುಗಲಿಲ್ಲ.

“ಮನೆ ಇಲ್ಲ,” ಎಂದರು ಗುಣಪಾಲಣ್ಣ. “ಕಾರ್ಕಳದಲ್ಲಿ ಇತ್ತು, ಈಗ ನನ್ನದಲ್ಲ. ಮದುವೆ ಆಗಿಲ್ಲ. ಇಷ್ಟು ದಿನ ಆಫೀಸಿನ ಸ್ಟೋರಿನಲ್ಲಿ ಮಲಗ್ತಿದ್ದೆ.”

ಜುಬೈದಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದರು. ಬೀಡಿ ಸೇದುವ ಅಭ್ಯಾಸ ಉಂಟೋ ಎಂದು ಕೇಳಿದರು. ಇಲ್ಲ. ರಾತ್ರಿ ಜನ ಬರುವುದು ಉಂಟೋ? ಬರುವವರು ಯಾರೂ ಇಲ್ಲ.

“ಹಾಗಾದರೆ ಒಂದೇ ಕೀಲಿ ಸಾಕು,” ಎಂದರು ಜುಬೈದಕ್ಕ.

ಅವರು ಇಳಿದು ಹೋದ ಮೇಲೆ ಗುಣಪಾಲಣ್ಣ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತರು. ಆಮೇಲೆ ಎದ್ದು, ನಾಳೆ ಎಷ್ಟು ಹೊತ್ತಿಗೆ ಎಂದರು.

ಏಳೂವರೆಯ ಬಸ್ಸು ಎಂದೆ. ನಾಳೆ ಕಾಪುವಿಗೆ ಹೊರಡುತ್ತೇನೆ.